ಅಕ್ಕ ಕೇಳಿದ ಪ್ರಶ್ನೆಗಳು

"ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು ಬಂದು ಪಿಎಸ್‌ಸಿ ಪರೀಕ್ಷೆ ಬರೆಯುವುದಾ? ಆಗ್ಲಿಕ್ಕಿಲ್ಲ ಮಾರಾಯ" ಎಂದವಳು ನನ್ನ ಅಕ್ಕ. ಮನೆಯ ಮೊದಲ ಪದವೀಧರ ನಾನು, ಹಟ ಬಿಡಲಿಲ್ಲ. ಸರ್ಕಾರಿ ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕಿ ಒಂದು ವರ್ಷದ ಯೋಜನೆ ಬರೆದೆ: ಬೆಳಿಗ್ಗೆ ಗಣಿತ, ಕುಂಬಳೆಯ ಬಸ್ಸಿನಲ್ಲಿ ಸಾಮಾನ್ಯಜ್ಞಾನ, ಭಾನುವಾರ ಹಳೆಯ ಪ್ರಶ್ನೆಪತ್ರಿಕೆ. ಪ್ರಶ್ನೆ ಕೇಳುವ ಕೆಲಸ ಅಕ್ಕನದು. ಬೀಡಿ ಕಟ್ಟುತ್ತಲೇ ಕೇಳುತ್ತಿದ್ದಳು. ನಾನು ತಡವರಿಸಿದರೆ ಉತ್ತರವನ್ನೂ ಅವಳೇ ಹೇಳುತ್ತಿದ್ದಳು.

ಪರೀಕ್ಷೆ ಬರೆದೆ, ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ನಂಬರು ಬಂತು. ದಾಖಲೆ ಪರಿಶೀಲನೆಯ ದಿನ ಅಕ್ಕ ಪೆಟ್ಟಿಗೆ ತೆರೆದಾಗ ನನ್ನ ಸರ್ಟಿಫಿಕೇಟಿನ ಕೆಳಗೆ ಅವಳ ಹತ್ತನೇ ತರಗತಿಯದ್ದಿತ್ತು. ಆ ಹುದ್ದೆಗೆ ಅಷ್ಟೇ ಸಾಕಿತ್ತು. ನೀನೂ ಅರ್ಜಿ ಹಾಕು ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ.

ನನ್ನದನ್ನು ಕೈಗೆ ಕೊಟ್ಟು ಅಕ್ಕ ಹೇಳಿದಳು: "ನನ್ನದು ಅರ್ಜಿ ಹಾಕುವ ವಯಸ್ಸು ಈ ವರ್ಷ ದಾಟಿತು. ನೀನು ಹೋಗು, ಬಸ್ಸು ತಪ್ಪೀತು."