ಟೀಚರ ಮಾತಿನ ಮಧ್ಯೆ ಒಂದನ್ನು ಒತ್ತಿ

ನಮ್ಮ ಬ್ಯಾಂಕಿನ ಬಂಟ್ವಾಳ ಶಾಖೆಯ ಫೋನು ಇದ್ದದ್ದು ಕೌಂಟರಿನ ಮೇಲೆ, ಸಾಲಿನಲ್ಲಿ ನಿಂತವರ ಮೂಗಿನ ಎದುರಿಗೆ. ಅದನ್ನೆತ್ತುವ ಗುಮಾಸ್ತರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. "ಹಲೋ! ಹೌದು, ಗಲ್ಫಿನಿಂದ ಹಣ ಬಂದಿದೆ!" ಎಂದು ಕೂಗಿದರೆ ಪಕ್ಕದ ದಿನಸಿ ಅಂಗಡಿಗೂ ಕೇಳಬೇಕು. ಆ ಅಂಗಡಿಯಾದರೂ ಯಾರದು? ಫೋನು ಮಾಡಿದ ಹೆಂಗಸಿನ ಮೈದುನನದು! ಸಂಜೆಯೊಳಗೆ ಮನೆಮಂದಿಯೆಲ್ಲ ಅವಳ ಹಣಕ್ಕೆ ಖರ್ಚು ಹುಡುಕಿ ಇಟ್ಟಿರುತ್ತಿದ್ದರು.

ಅವಳು ಪೇಟೆಯ ಬ್ಯಾರಿ ಕುಟುಂಬದ ಸೊಸೆ, ತವರು ಕನ್ಯಾನ. ಗಂಡ ದುಬಾಯಿಯಲ್ಲಿ. ಖಾತೆ ಅವಳ ಹೆಸರಿನಲ್ಲೇ ಇತ್ತು. ಒಂದು ದಿನ ನನ್ನ ಮೇಜಿನ ಬಳಿ ಕೂತು ಹೇಳಿದಳು: "ಅಕ್ಕಾ, ಹಣ ಬಂದದ್ದು ನನಗೆ ಮೊದಲು ಗೊತ್ತಾಗಬೇಕು. ಅಷ್ಟೇ. ಆಮೇಲೆ ಯಾರಿಗೆ ಬೇಕಾದರೂ ಗೊತ್ತಾಗಲಿ." ಇದು ದೊಡ್ಡ ಬೇಡಿಕೆಯೇ? ನನಗೆ ನಮ್ಮ ಬ್ಯಾಂಕಿನ ಮೇಲೆಯೇ ಸಿಟ್ಟು ಬಂತು.

ಅದೇ ಸಮಯಕ್ಕೆ ಮುಖ್ಯ ಕಚೇರಿಯವರು ಫೋನಿನಲ್ಲಿ ತಾನಾಗಿ ಉತ್ತರ ಕೊಡುವ ಯಂತ್ರ ತರಿಸಿದ್ದರು. ಅದರ ಕನ್ನಡ ಮಾತು ಬರೆಯುವ ಕೆಲಸ ನನ್ನ ತಲೆಗೆ ಬಂತು. ಕನ್ನಡ ಎಂ.ಎ. ಮಾಡಿದ ಅಧಿಕಾರಿ ಅಂತ ಇದ್ದದ್ದು ನಾನೊಬ್ಬಳೇ. ಸುಮ್ಮನೆ ಜಂಬವಲ್ಲ, ಈ ಕೆಲಸ ನನಗಲ್ಲದೆ ಬೇರೆ ಯಾರಿಗೂ ಆಗುವುದಿಲ್ಲ ಎಂದು ಅವತ್ತೇ ಗೊತ್ತಿತ್ತು.

ಯಂತ್ರದ ಕಂಪೆನಿಯ ಎಂಜಿನಿಯರು ಬೆಂಗಳೂರಿನಿಂದ ಬಂದ. ದನಿಗೊಂದು ವ್ಯಕ್ತಿತ್ವ ಬೇಕು ಎಂದ. ಸರಿಯಾದ ಮಾತೇ. ಆದರೆ ಅವನು ಕಲ್ಪಿಸಿ ತಂದದ್ದು ಒಬ್ಬ ಹುಡುಗಿಯನ್ನು: ಈಗಷ್ಟೇ ಕಾಲೇಜು ಮುಗಿಸಿದವಳು, ಸದಾ ನಗುವವಳು, "ಹಾಯ್, ಹೇಗಿದ್ದೀರಾ?" ಎಂದು ಮಾತು ಶುರುಮಾಡುವವಳು.

"ಮಾರಾಯ್ರೇ, ಈ ಹುಡುಗಿಗೆ ನಿಮ್ಮ ಅಮ್ಮ ತನ್ನ ಖಾತೆಯ ಗುಟ್ಟಿನ ನಂಬರು ಹೇಳ್ತಾರಾ?" ಎಂದು ಕೇಳಿದೆ.

"ಫ್ರೆಂಡ್ಲಿಯಾಗಿರ್ಬೇಕಲ್ವಾ ಮೇಡಂ?"

"ನಮ್ಮಲ್ಲಿ ಫ್ರೆಂಡಿಗೆ ಹೇಳಿದ ಗುಟ್ಟು ಮಧ್ಯಾಹ್ನಕ್ಕೆ ವೇಣೂರು ದಾಟ್ತದೆ. ಗುಟ್ಟು ಹೇಳುವುದಿದ್ದರೆ ಶಾಲೆಯ ಟೀಚರಿಗೆ."

ಹಾಗೆ ನಮ್ಮ ದನಿಯ ಗುಣ ನಿಶ್ಚಯವಾಯಿತು. ವಯಸ್ಸಾದ ಹೆಂಗಸು, ಅವಸರವಿಲ್ಲ, ಗದರುವುದಿಲ್ಲ, ಒಬ್ಬರ ವಿಷಯ ಇನ್ನೊಬ್ಬರಿಗೆ ಆಡುವುದಿಲ್ಲ. 'ಇದೆ' ಎನ್ನುವ ಕಡೆ 'ಉಂಟು' ಎನ್ನುತ್ತಾಳೆ. ಇಂಥ ದನಿಗೆ ನಾನು ಊರೂರು ಅಲೆಯಬೇಕಾಗಿರಲಿಲ್ಲ. ಮೂಡಬಿದಿರೆಯಲ್ಲಿ ನನಗೆ ಕನ್ನಡ ಕಲಿಸಿದ ಜೈನ ಟೀಚರು ನಿವೃತ್ತರಾಗಿ ಮನೆಯಲ್ಲಿದ್ದರು. ಭಜನೆ, ನಾಟಕಗಳ ಕ್ಯಾಸೆಟ್ಟು ಮಾಡುವ ಅಲ್ಲಿನ ಪುಟ್ಟ ಸ್ಟುಡಿಯೋದಲ್ಲಿ ಅವರನ್ನು ಕೂರಿಸಿದೆವು. ಯಂತ್ರ ಮೊತ್ತವನ್ನು ತುಂಡು ತುಂಡಾಗಿ ಜೋಡಿಸಿ ಹೇಳುತ್ತದೆ. ಅದಕ್ಕೆ 'ಸಾವಿರದ', 'ಸಾವಿರ' ಎರಡೂ ಬೇಕು, ಒಂದು ಮುಂದುವರಿಯುವ ರಾಗದಲ್ಲಿ, ಇನ್ನೊಂದು ಮುಗಿಯುವ ರಾಗದಲ್ಲಿ. ಹೊರಗೆ ಬಸ್ಸು ಹಾರ್ನು ಹೊಡೆದಾಗಲೆಲ್ಲ ಮತ್ತೆ ಮೊದಲಿನಿಂದ. ಟೀಚರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಶಾಖೆಗಳಲ್ಲಿ ಪರೀಕ್ಷೆ ಶುರುವಾಯಿತು. ಷರತ್ತು ಇಷ್ಟೇ: ಜನ ಫೋನಿನ ಅಂಕಿಯ ಗುಂಡಿ ಒತ್ತಿ ಯಂತ್ರದಿಂದಲೇ ಉತ್ತರ ಪಡೆಯಬೇಕು. ಇಲ್ಲದಿದ್ದರೆ ಟೀಚರು ಹೊರಗೆ, ನಗುವ ಹುಡುಗಿ ಒಳಗೆ.

ಜನ ಫೋನೇನೋ ಮಾಡಿದರು. ಆದರೆ ಯಾರೂ ಗುಂಡಿ ಒತ್ತಲಿಲ್ಲ! ಯಂತ್ರ ಮೂರು ಸಲ ಕಾದು, ಕರೆಯನ್ನು ಶಾಖೆಗೆ ದಾಟಿಸುತ್ತಿತ್ತು. ಎಂದರೆ ಕೌಂಟರಿನ ಮೇಲಿನ ಅದೇ ಫೋನಿಗೆ, ಅದೇ ಗುಮಾಸ್ತರ ಗಂಟಲಿಗೆ. ಬೆಳ್ತಂಗಡಿಯ ಮ್ಯಾನೇಜರು ನನ್ನನ್ನು ತರಾಟೆಗೆ ತೆಗೆದುಕೊಂಡರು: "ನಿಮ್ಮ ಟೀಚರು ಹೇಳಿ ಮುಗಿಸುವಾಗ ನಾನು ಪುಂಜಾಲಕಟ್ಟೆಗೆ ಹೋಗಿ ಚಾ ಕುಡಿದು ಬರ್ತೇನೆ ಮಾರಾಯ್ತಿ." ಎಂಜಿನಿಯರು ಹುಡುಗಿಯ ದನಿಯ ಕ್ಯಾಸೆಟ್ಟು ಕಳಿಸಿಕೊಟ್ಟ. ಅದನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ. ದನಿ ಸರಿಯಾಗಿತ್ತು. ತಪ್ಪು ಬೇರೆಲ್ಲೋ ಇರಬೇಕು.

ನೋಡಿಯೇ ಬಿಡುವ ಎಂದು ಪೇಟೆಯಲ್ಲೇ ಇದ್ದ ಕನ್ಯಾನದವಳ ಗಂಡನ ಮನೆಗೆ ಹೋದೆ. ಗಂಡ ದುಬಾಯಿಯಿಂದ ತಂದ ಫೋನು. ಅಂಕಿಗಳ ಗುಂಡಿಗಳೆಲ್ಲ ಕಿವಿಗೆ ಹಿಡಿಯುವ ರಿಸೀವರಿನಲ್ಲೇ. ಅವಳು ಬ್ಯಾಂಕಿನ ನಂಬರು ಒತ್ತಿದಳು. ಟೀಚರ ದನಿ ಬಂದದ್ದೇ ತಡ, ಸೆರಗು ಸರಿಯಾಗಿ ತಲೆಗೆ ಎಳೆದುಕೊಂಡು ನೆಟ್ಟಗೆ ಕೂತಳು. "ಹೂಂ... ಹೂಂ..." ಎನ್ನುತ್ತ ಎಲ್ಲವನ್ನೂ ಕೇಳಿದಳು. ಖಾತೆಯ ವಿವರಕ್ಕೆ ಒಂದು ಎಂದು ಟೀಚರು ಮೊದಲೇ ಹೇಳಿದ್ದರು. ಇವಳು ಒತ್ತಲಿಲ್ಲ. ಅವರು ಪೂರಾ ಮುಗಿಸಿದ ಮೇಲೆಯೇ ರಿಸೀವರನ್ನು ಕಿವಿಯಿಂದ ತೆಗೆದು ಕಣ್ಣೆದುರು ಹಿಡಿದು ಒಂದನ್ನು ಹುಡುಕಿದಳು. ಅಷ್ಟರಲ್ಲಿ ರಿಸೀವರಿನೊಳಗಿಂದ "ನೀವು ಯಾವುದನ್ನೂ ಆರಿಸಿಲ್ಲ" ಎಂದು ಟೀಚರು ಮತ್ತೆ ಶುರುಮಾಡಿದರು. ಇವಳು ಗಾಬರಿಯಿಂದ ರಿಸೀವರನ್ನು ಮತ್ತೆ ಕಿವಿಗೆ ಒತ್ತಿಕೊಂಡಳು.

"ಒತ್ತಿ ಮಾರಾಯ್ತಿ, ಈಗಲೇ ಒತ್ತಿ!"

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: "ಅವರು ಮಾತಾಡ್ತಾ ಇದ್ದಾರಲ್ಲ ಅಕ್ಕಾ. ಮಧ್ಯದಲ್ಲಿ ಒತ್ತಿದರೆ ಏನು ಮರ್ಯಾದೆ?"

ನಾನು ಬಿದ್ದು ಬಿದ್ದು ನಕ್ಕೆ. ಟೀಚರು ಗೆದ್ದಿದ್ದರು, ಅತಿಯಾಗಿ ಗೆದ್ದಿದ್ದರು! ಮಾತಿನ ನಡುವೆ ಒತ್ತಿದರೂ ಯಂತ್ರ ತೆಗೆದುಕೊಳ್ಳುತ್ತಿತ್ತು. ಆದರೆ ಟೀಚರು ಮಾತಾಡುವಾಗ ಬೆರಳೆತ್ತುವ ಧೈರ್ಯ ಮೂರು ತಾಲೂಕಿನಲ್ಲಿ ಯಾರಿಗೂ ಇರಲಿಲ್ಲ.

ಎಂಜಿನಿಯರಿಗೆ ಫೋನು ಮಾಡಿ ಹೇಳಿದೆ. "ನೋಡಿದ್ರಾ ಮೇಡಂ, ನಮ್ಮ ಹುಡುಗಿಯಾಗಿದ್ರೆ ಜನ ಮಧ್ಯದಲ್ಲೇ ಒತ್ತುತ್ತಿದ್ರು" ಎಂದ.

"ಒತ್ತುತ್ತಿದ್ದರು, ಗುಟ್ಟಿನ ನಂಬರು ಮಾತ್ರ ಕೊಡ್ತಿರಲಿಲ್ಲ. ಮಾತಿನ ಮಧ್ಯೆ ಒತ್ತಬಹುದು ಎಂದು ಟೀಚರೇ ಹೇಳಬೇಕು. ನೀವು ಯಂತ್ರ ಕಾಯುವ ಸಮಯ ಹೆಚ್ಚು ಮಾಡಿ, ಉಳಿದದ್ದು ನಾನು ನೋಡ್ತೇನೆ."

ಮತ್ತೆ ಮೂಡಬಿದಿರೆಯ ಸ್ಟುಡಿಯೋ. ಹೊಸ ಸಾಲು ಓದಿ ಟೀಚರು ಕನ್ನಡಕ ತೆಗೆದರು. "ಮಧ್ಯೆ ಬಾಯಿ ಹಾಕಲು ನಾನು ಜೀವಮಾನದಲ್ಲಿ ಒಬ್ಬರಿಗೂ ಬಿಟ್ಟವಳಲ್ಲ. ನಿನ್ನನ್ನಂತೂ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ನೆನಪುಂಟಾ?"

"ಉಂಟು ಟೀಚರ್. ಅದಕ್ಕೇ ನೀವೇ ಹೇಳಬೇಕು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಮೈಕಿಗೆ ಹತ್ತಿರ ಬಂದು, ನಾನು ತರಗತಿಯಲ್ಲಿ ಒಮ್ಮೆಯೂ ಕೇಳದ ಮೃದುವಾದ ದನಿಯಲ್ಲಿ ಹೇಳಿದರು: "ನಾನು ಮಾತಾಡುತ್ತಿರುವಾಗಲೇ ನೀವು ಒತ್ತಬಹುದು. ನನಗೆ ಬೇಸರವಿಲ್ಲ." ಪ್ರತಿ ಅಂಕಿಯ ನಂತರ ಸ್ವಲ್ಪ ಬಿಡುವು ಕೊಟ್ಟೆವು. "ನೀವು ಯಾವುದನ್ನೂ ಆರಿಸಿಲ್ಲ" ಎಂಬುದನ್ನು ಕಿತ್ತುಹಾಕಿ "ಅವಸರ ಇಲ್ಲ, ನೋಡಿಕೊಂಡು ಒತ್ತಿ" ಎಂದು ಸೇರಿಸಿದೆವು. ನನ್ನ ಕಣ್ಣು ಒದ್ದೆಯಾಯಿತು, ಯಾಕೆ ಸುಳ್ಳು ಹೇಳಲಿ.

ಆಮೇಲೆ ಕೌಂಟರಿನ ಫೋನು ಹೊಡೆದುಕೊಳ್ಳುವುದು ಕಡಿಮೆಯಾಯಿತು. ಗುಮಾಸ್ತರಿಗೆ ಬೇಜಾರಾಗಿರಬೇಕು. ಡ್ರಾಯರಿನ ಹುಡುಗಿಯನ್ನು ವಾಪಸು ಬೆಂಗಳೂರಿಗೆ ಕಳಿಸಿದೆ.

ಒಂದು ಬೆಳಿಗ್ಗೆ ಕನ್ಯಾನದವಳು ಪಾಸ್‌ಪುಸ್ತಕ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಚಿಲ್ಲರೆಗೆಂದು ಬಂದ ಮೈದುನ ಅವಳನ್ನು ನೋಡಿದವನೇ, ದೊಡ್ಡ ಸುದ್ದಿ ತಂದವನಂತೆ ಹತ್ತಿರ ಬಂದ.

"ಅತ್ತಿಗೆ, ಅಣ್ಣ ಹಣ ಕಳಿಸಿದ ಹಾಗೆ ಉಂಟು. ಕೇಳಿ ಹೇಳ್ಲಾ?"

"ಬೇಡ. ನಿನ್ನೆಯೇ ಟೀಚರು ಹೇಳಿದ್ರು."

"ಟೀಚರಾ? ಯಾವ ಟೀಚರು?"

ಅವಳು ನನ್ನ ಕಡೆಗೊಮ್ಮೆ ನೋಡಿದಳು. ಮತ್ತೆ ಸೆರಗು ಸರಿಮಾಡಿಕೊಂಡು, ಇಡೀ ಸಾಲಿಗೆ ಕೇಳುವಂತೆ ಹೇಳಿದಳು: "ನನ್ನ ಟೀಚರು. ಅವರು ನನಗೆ ಮಾತ್ರ ಹೇಳುವುದು."