ಶಿಗ್ಗಾವಿಯ ಫಿಟ್ಟರ್, ಟಾಂಜಾನಿಯಾದ ಕಾಯ್ದೆ

ಅಕ್ಕಿಆಲೂರಿನಲ್ಲಿ ನನ್ನ ದೊಡ್ಡಪ್ಪನ ಮಗನಿಗೆ ಶಾಲು ಹೊದಿಸಿ ಬೀಳ್ಕೊಟ್ಟ ದಿನ ಭಾಷಣ ಮಾಡಿದವನು ನಾನೇ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಆಗ ತಲೆಗೇರಿದ್ದವು. ‘ಇಂದಿನಿಂದ ಈತ ಟಾಂಜಾನಿಯಾದ ನೌಕರ’ ಎಂದೆ. ಚಪ್ಪಾಳೆಯೂ ಬಿತ್ತು. ನಿಜವೆಂದರೆ ಅಣ್ಣ ಶಿಗ್ಗಾವಿಯ ಅಕ್ಕಿ ಗಿರಣಿ ಯಂತ್ರಗಳ ಕಾರ್ಖಾನೆಯೊಂದರ ಫಿಟ್ಟರ್. ಟಾಂಜಾನಿಯಾಕ್ಕೆ ಮಾರಿದ ಯಂತ್ರಗಳನ್ನು ಕೂಡಿಸಿ ನಡೆಸಿಕೊಡಲು ಕಾರ್ಖಾನೆಯೇ ಅವನನ್ನು ಎರಡು ವರ್ಷಕ್ಕೆ ಕಳಿಸಿತ್ತು.

ಅವಧಿ ಮುಗಿಸಿ ಬಂದವನನ್ನು ಕಾರ್ಖಾನೆಯ ಮ್ಯಾನೇಜರ್ ಗೇಟಿನಲ್ಲೇ ನಿಲ್ಲಿಸಿದ. ‘ನಿನ್ನ ನೌಕರಿ ಅಲ್ಲೀದು, ಅಲ್ಲೇ ಮುಗೀತು. ತಕರಾರಿದ್ರ ಆ ದೇಶದ ಕಾಯ್ದೆ ಹಿಡಕೊಂಡು ಅಲ್ಲೇ ಹೋಗಿ ಕೇಳು.’

ಅಣ್ಣನಿಗೆ ಬೇಕಾಗಿದ್ದು ಹಳೆಯ ಕೆಲಸ, ಅಷ್ಟೇ. ಅರ್ಜಿ ಕೊಟ್ಟ. ಹಾವೇರಿಯ ಲೇಬರ್ ಆಫೀಸರು ಇಬ್ಬರನ್ನೂ ರಾಜಿ ಮಾತುಕತೆಗೆ ಕರೆದರು. ನನ್ನನ್ನು ಕೂರಲು ಬಿಟ್ಟರು, ಬಾಯಿ ತೆರೆಯಲು ಬಿಡಲಿಲ್ಲ.

ಮ್ಯಾನೇಜರ್ ತನ್ನ ಮೊಬೈಲಿನಲ್ಲಿ ನನ್ನ ಬೀಳ್ಕೊಡುಗೆ ಭಾಷಣದ ವಿಡಿಯೊ ಹಚ್ಚಿದ. ‘ಇವನ ತಮ್ಮನೇ ಹೇಳ್ಯಾನ, ಕೇಳ್ರಿ ಸರ್.’ ಇಂಥ ಸಾಕ್ಷ್ಯವನ್ನು ಶಾಲೆಯ ಸ್ಪರ್ಧೆಯಲ್ಲೂ ಯಾರೂ ತರುವುದಿಲ್ಲ. ಅಣ್ಣನನ್ನು ಕಳಿಸುವಾಗ ಕಾರ್ಖಾನೆ ಕೊಟ್ಟ ಪತ್ರದಲ್ಲಿದ್ದ ‘ಅಲ್ಲಿನ ಕಾಯ್ದೆಗಳನ್ನು ಪಾಲಿಸತಕ್ಕದ್ದು’ ಎಂಬ ಸಾಲನ್ನೂ ಅವನು ಬೆರಳಿಟ್ಟು ತೋರಿಸಿದ.

‘ಭಾಷಣ ಕರಾರು ಆಗೂದಿಲ್ಲರಿ,’ ಎಂದರು ಆಫೀಸರು. ‘ಕೆಲಸದ ತಾಸು, ವಾರದ ಸೂಟಿ, ಸುರಕ್ಷತೆ, ಅಲ್ಲಿದ್ದಷ್ಟು ದಿನ ಅಲ್ಲಿನ ಕಾಯ್ದೆ ಪಾಲಿಸಬೇಕು, ಖರೆ. ಅಷ್ಟಕ್ಕ ನೌಕರೀನೇ ಆ ದೇಶದ್ದು ಆಗೂದಿಲ್ಲ. ಅಲ್ಲಿದ್ದಾಗ ಇವರಿಗೆ ರಜಾ ಯಾರು ಕೊಡ್ತಿದ್ರು?’

ಮ್ಯಾನೇಜರನ ಎದೆ ಉಬ್ಬಿತು. ‘ನಾನ ರೀ. ನನ್ನ ಸಹಿ ಇಲ್ಲದ ಇವ ಒಂದಿನಾ ಕದಲಂಗಿಲ್ಲ. ಅಲ್ಲಿಯವರು ಯಾರು ಇವಂಗ ಹೇಳಾಕ?’

‘ಅವ್ವಗ ಆಪರೇಶನ್ ಆದಾಗ ನಾಕೇ ದಿನ ರಜಾ ಕೊಟ್ರಿ,’ ಎಂದ ಅಣ್ಣ, ತಣ್ಣಗೆ.

‘ಕೆಲಸಕ್ಕ ತಗೊಂಡದ್ದು ಶಿಗ್ಗಾವ್ಯಾಗ. ಪಗಾರ ಇಲ್ಲಿಂದ, ರಜಾ ಇಲ್ಲಿಂದ, ಗೇಟ್ ಮುಚ್ಚಿದ್ದೂ ಇಲ್ಲೇ,’ ಎಂದರು ಆಫೀಸರು, ಬರೆಯುತ್ತಲೇ. ‘ಕೆಲಸದಿಂದ ತಗದ ತಕರಾರು ಇಲ್ಲಿನ ಕಾಯ್ದೆಗೇ ಬರ್ತದ ಅನ್ಸತೈತಿ ನನಗ. ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ರಾಜಿ ಆಗದಿದ್ರ ಹುಬ್ಬಳ್ಳಿ ಲೇಬರ್ ಕೋರ್ಟಿನ್ಯಾಗ ಟಾಂಜಾನಿಯಾದ ಮಾತು ಹೇಳ್ರಿ. ರಜಾಕ್ಕ ನೀವೇ ಸಹಿ ಹಾಕಿದ ಮಾತೂ ಅಲ್ಲಿ ಕೇಳ್ತಾರ.’

ಮ್ಯಾನೇಜರ್ ಮುಂದಿನ ತಾರೀಖು ಕೇಳಿಕೊಂಡ. ತನ್ನ ದೊಡ್ಡಸ್ತಿಕೆಯಿಂದಲೇ ತನ್ನ ವಾದವನ್ನು ಇಷ್ಟು ಅಚ್ಚುಕಟ್ಟಾಗಿ ಕೊಂದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಆ ತಾರೀಖಿಗೆ ಒಪ್ಪಂದವಾಯಿತು: ಅದೇ ಕೆಲಸ, ಟಾಂಜಾನಿಯಾದ ಎರಡು ವರ್ಷವೂ ಸೇರಿ ಸೇವೆ ಕಡಿಯದಂತೆ.

ವರಾಂಡದಲ್ಲಿ ಮ್ಯಾನೇಜರ್ ಅಣ್ಣನ ಮುಖ ನೋಡದೆ ಹೇಳಿದ, ‘ಸೋಮವಾರ ಎಂಟಕ್ಕ ಬಾ. ತಡ ಆದ್ರ ನೋಡು ಮತ್ತ.’

ಆ ಮನುಷ್ಯನಿಗೆ ಹೇಳಲು ನನ್ನ ಬಳಿ ಮೂರು ಉತ್ತರಗಳಿದ್ದವು. ಅಣ್ಣ ‘ಬರ್ತೇನ್ರಿ’ ಎಂದು ಬಸ್ಸಿನ ಕಡೆ ನಡೆದ.