ಅಂಗೈ ಮೇಲಿನ ಸೂಪು

ಮಗಳ ಮದುವೆ ಮುಗಿಸಿ ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸು ಸೇರಿದ ಆಕೆಯನ್ನು ಕ್ಲಾಸಿನವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳ ಸೂಪು ಕುದಿಯುತ್ತಿರುವಾಗ ಪರೀಕ್ಷಕಿ ಬಂದರು.

"ಹಸಿ ಮಾಂಸ ಫ್ರಿಜ್ಜಲ್ಲಿ ಎಲ್ಲಿಡ್ತೀರಿ?"

"ಮುಚ್ಚಿ, ಎಲ್ಲಕ್ಕಿಂತ ಕೆಳಗೆ ಮೇಡಂ. ಮೇಲಿಟ್ರೆ ಅದರ ನೀರು ಬೇಯಿಸಿದ್ದರ ಮೇಲೆ ತೊಟ್ಟಿಕ್ಕುತ್ತೆ."

"ರುಚಿ ನೋಡೋದು?"

"ಪ್ರತಿ ಸಲ ಹೊಸ ಚಮಚದಲ್ಲಿ. ಕೈಯಲ್ಲಂತೂ ಮುಟ್ಟೋ ಹಾಗೇ ಇಲ್ಲ," ಎಂದವಳೇ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿಬಿಟ್ಟಳು. ಹುಟ್ಟುಗುಣ ಸುಟ್ಟರೂ ಹೋಗದಲ್ಲ! ನಾಲಿಗೆ ಕಚ್ಚಿಕೊಂಡು ಸಿಂಕಿಗೆ ಓಡಿದಳು.

ಪರೀಕ್ಷಕಿ ಹುಬ್ಬು ಗಂಟಿಕ್ಕಿಕೊಂಡೇ ಪಾತ್ರೆಯತ್ತ ಬಗ್ಗಿದರು. ಘಮ ಮೂಗಿಗೆ ಬಡಿಯಿತು. ಕೈ ತಾನಾಗಿ ಸೌಟೆತ್ತಿತು; ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ಅವರೂ ನೆಕ್ಕಿದರು.

ಮರುಗಳಿಗೆಯಲ್ಲೇ ಸಿಂಕಿನ ಬಳಿ ಬಂದು ಪಿಸುಗುಟ್ಟಿದರು: "ಉಪ್ಪು ಸರಿಯಾಗಿದೆ. ಸ್ವಲ್ಪ ಆಚೆ ಸರಿಯಿರಿ ದೊಡ್ಡಮ್ಮ, ನನಗೂ ಸೋಪು ಕೊಡಿ."